ಎರಡು ಮುದ್ದೆಯ ಲೆಕ್ಕ

ಬೆಳ್ಳೂರು ಕ್ರಾಸಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಭಾವಮೈದನಿಗೆ ಈಗ 34 ವರ್ಷ. ಒಂದೂವರೆ ವರ್ಷದಿಂದ ವಾರಕ್ಕೆ 4 ದಿನ ಬೆಳಿಗ್ಗೆ ಬೈಕ್ ಹತ್ತಿ ಜಿಮ್ಮಿಗೆ ಹೋಗುತ್ತಾನೆ. ಮಳೆಗಾಲದಲ್ಲೂ ತಪ್ಪಿಸಿದವನಲ್ಲ. ತೋಳು, ಭುಜ ಗಟ್ಟಿಯಾಗಿವೆ, ಮೊದಲು ಇಬ್ಬರು ಹಿಡಿಯುತ್ತಿದ್ದ ಮೂಟೆಯನ್ನು ಈಗ ಒಬ್ಬನೇ ಎತ್ತುತ್ತಾನೆ. ಆದರೆ ಮೊದಮೊದಲು ತೂಕ 78 ಕೆಜಿಯಲ್ಲೇ ನಿಂತಿತ್ತು, ಪ್ಯಾಂಟಿನ ಸೊಂಟದ ಅಳತೆ ಒಂದಿಂಚೂ ಕಡಿಮೆಯಾಗಿರಲಿಲ್ಲ. ಹೋದ ಯುಗಾದಿಯಲ್ಲಿ ಊಟಕ್ಕೆ ಕೂತಿದ್ದಾಗ ಅವನ ಅಜ್ಜಿ ಎಲೆಗೆ ಹೋಳಿಗೆ ಹಾಕುತ್ತಾ ಕೇಳಿದರು: "ಅಲ್ಲಾ ಕಣಪ್ಪ, ಭಾರ ಎತ್ತಕ್ಕೆ ಅಷ್ಟ್ ದೂರ ಗಾಡೀಲಿ ಓಯ್ತೀಯಲ್ಲ, ಬಂದ್ಮೇಲೆ ಸಂಜೆಗಂಟ ಕುರ್ಚಿ ಬುಟ್ಟು ಏಳಾದೇ ಇಲ್ವಲ್ಲ?"

ಅಜ್ಜಿಯ ಆ ಒಂದು ಮಾತಿನಲ್ಲಿ ಇಡೀ ಪ್ರಶ್ನೆ ಇದೆ. ಜಿಮ್ಮಿನ ಒಂದು ಗಂಟೆ ಒಂದು ಕಡೆ, ಎಚ್ಚರವಾಗಿರುವ ಉಳಿದ ಹದಿನೈದು ಗಂಟೆ ಇನ್ನೊಂದು ಕಡೆ. ಕ್ಯಾಲೊರಿ ಲೆಕ್ಕದಲ್ಲಿ ಯಾವುದರ ಪಾಲು ಎಷ್ಟು? ಮೊಬೈಲು ದಿನವೂ ತೋರಿಸುವ ಹೆಜ್ಜೆಗಳ ಸಂಖ್ಯೆಯನ್ನು ನಂಬಬಹುದೇ? ನಂಬಿದರೆ ಅದರಿಂದ ಏನು ಮಾಡಬೇಕು?

ಮೊದಲು ನಮ್ಮ ದೇಶದ್ದೇ ಒಂದು ಲೆಕ್ಕ ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2020ರಲ್ಲಿ ಭಾರತೀಯರ ಆಹಾರದ ಅಗತ್ಯವನ್ನು ಪರಿಷ್ಕರಿಸಿ ಪ್ರಕಟಿಸಿದರು. 65 ಕೆಜಿ ತೂಕದ ಗಂಡಸು ಕೂತು ಮಾಡುವ ಕೆಲಸದವನಾದರೆ ಅವನಿಗೆ ದಿನಕ್ಕೆ ಸುಮಾರು 2,110 ಕ್ಯಾಲೊರಿ ಸಾಕು. ಮಧ್ಯಮ ದುಡಿಮೆಯವನಾದರೆ 2,710 ಬೇಕು. ಮೈಮುರಿದು ದುಡಿಯುವವನಾದರೆ 3,470. ಮೂವರ ವಯಸ್ಸು, ತೂಕ ಒಂದೇ, ಬದಲಾಗಿರುವುದು ದಿನದ ಓಡಾಟ ಮಾತ್ರ. ಮೊದಲನೆಯವನಿಗೂ ಎರಡನೆಯವನಿಗೂ ಇರುವ ಅಂತರ 600 ಕ್ಯಾಲೊರಿ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ ಇರುತ್ತದೆ. ನಮ್ಮ ಕಡೆಯ ಒಂದು ಮುದ್ದೆಗೆ ತೊಂಬತ್ತು ಗ್ರಾಂ ಹಿಟ್ಟು ಹಿಡಿದರೂ 600 ಕ್ಯಾಲೊರಿ ಎಂದರೆ ಹೆಚ್ಚುಕಮ್ಮಿ ಎರಡು ಮುದ್ದೆ.

ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯ ಮನೆಗಳಲ್ಲಿ ನಡೆದಿರುವುದು ಇದೇ. ಉಣ್ಣುವ ಮುದ್ದೆಯ ಗಾತ್ರ ತಾತನ ಕಾಲದ್ದು, ದುಡಿಮೆ ಮೊಮ್ಮಗನ ಕಾಲದ್ದು. ತಾತ ಎತ್ತಿನ ಹಿಂದೆ ಗೆಯ್ಮೆ ಮಾಡಿದ, ರಾತ್ರಿ ಗದ್ದೆಗೆ ನೀರು ಕಟ್ಟಲು ನಾಲೆಯವರೆಗೆ ನಡೆದ, ಕಬ್ಬು ಕಡಿದು ಹೊರೆ ಹೊತ್ತ. ಮೊಮ್ಮಗನ ಹೊಲಕ್ಕೆ ಟಿಲ್ಲರ್ ಬರುತ್ತದೆ, ಪಂಪಿನ ಮೋಟಾರನ್ನು ಮೊಬೈಲಿನಿಂದಲೇ ಆನ್ ಮಾಡಬಹುದು, ಬೀದಿಯ ಕೊನೆಯ ಅಂಗಡಿಯಿಂದ ಹಾಲು ತರಲೂ ಸ್ಕೂಟರು ಬೇಕು. ಇವನ್ನು ಬಿಟ್ಟು ಹಿಂದಕ್ಕೆ ಹೋಗಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ, ಆ ದುಡಿಮೆ ಎಷ್ಟು ಜನರ ಬೆನ್ನು ಮುರಿದಿದೆ ಎಂಬುದನ್ನು ಕಣ್ಣಾರೆ ನೋಡಿದ್ದೇನೆ. ಆದರೆ ಆ ಎರಡು ಮುದ್ದೆಯ ಅಂತರವನ್ನು ಬೆಳಗಿನ ಜಿಮ್ ಒಂದೇ ತುಂಬಿಕೊಡುತ್ತದೆ ಎಂದು ನಂಬಿಕೊಂಡರೆ ಲೆಕ್ಕ ತಪ್ಪುತ್ತದೆ.

ಎಷ್ಟು ತಪ್ಪುತ್ತದೆ ಎಂದು ಭಾವಮೈದನ ಲೆಕ್ಕದಲ್ಲೇ ನೋಡಬಹುದು. ಭಾರ ಎತ್ತುವ ಒಂದು ಗಂಟೆಯ ವ್ಯಾಯಾಮದಲ್ಲಿ ನಿಜವಾಗಿ ಭಾರ ಎತ್ತುವ ಹೊತ್ತು ಕಡಿಮೆ, ಸೆಟ್ಟುಗಳ ನಡುವಿನ ವಿಶ್ರಾಂತಿಯೇ ಹೆಚ್ಚು. ಹಾಗಾಗಿ ಆ ಒಂದು ಗಂಟೆಯ ಸರಾಸರಿ ಖರ್ಚು ಸುಮ್ಮನೆ ಮಲಗಿರುವಾಗಿನ ಖರ್ಚಿನ ಮೂರೂವರೆ ಪಟ್ಟು ಮಾತ್ರ. ಸುಮ್ಮನಿದ್ದರೂ ಹೇಗಿದ್ದರೂ ಖರ್ಚಾಗುವ ಪಾಲನ್ನು ಕಳೆದರೆ, 78 ಕೆಜಿಯ ಮನುಷ್ಯನಿಗೆ ಒಂದು ಗಂಟೆಗೆ ಹೆಚ್ಚುವರಿಯಾಗಿ ಸಿಗುವುದು ಸುಮಾರು 195 ಕ್ಯಾಲೊರಿ. ವಾರಕ್ಕೆ 4 ದಿನ ಎಂದರೆ 780. ಅದನ್ನು ಏಳು ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 110 ಕ್ಯಾಲೊರಿ, ಅಷ್ಟೇ. ಸಕ್ಕರೆ ಹಾಕಿದ ಎರಡು ಲೋಟ ಟೀ ಕುಡಿದರೆ ಅಷ್ಟೂ ವಾಪಸು ಬರುತ್ತದೆ.

ನಡಿಗೆಯ ಲೆಕ್ಕ ಇನ್ನೂ ಸರಳ. ಸಮತಟ್ಟಾದ ನೆಲದಲ್ಲಿ ಒಂದು ಕಿಲೋಮೀಟರ್ ನಡೆದರೆ ದೇಹದ ಪ್ರತಿ ಕೆಜಿ ತೂಕಕ್ಕೆ ಸುಮಾರು ಅರ್ಧ ಕ್ಯಾಲೊರಿ ಹೆಚ್ಚುವರಿಯಾಗಿ ಖರ್ಚಾಗುತ್ತದೆ. 78 ಕೆಜಿಯವನಿಗೆ ಕಿಲೋಮೀಟರಿಗೆ 39. ಅವನ ಒಂದು ಹೆಜ್ಜೆ ಸುಮಾರು 70 ಸೆಂಟಿಮೀಟರ್, ಅಂದರೆ 5,000 ಹೆಜ್ಜೆಗೆ ಮೂರೂವರೆ ಕಿಲೋಮೀಟರ್, ಸುಮಾರು 136 ಕ್ಯಾಲೊರಿ. ದಿನವೂ ಅಷ್ಟು ಹೆಜ್ಜೆ ಹೆಚ್ಚಿಗೆ ನಡೆದರೆ ವಾರಕ್ಕೆ 950. ನಾಲ್ಕು ದಿನದ ಜಿಮ್ಮಿಗಿಂತ ಇದು ತುಸು ಹೆಚ್ಚೇ, ಅದೂ ಬೆವರು ಸುರಿಸದೆ, ಬಟ್ಟೆ ಬದಲಿಸದೆ.

ವಿಜ್ಞಾನಿಗಳು ಈ ಖರ್ಚಿಗೆ ಇಟ್ಟಿರುವ ಹೆಸರು ನೀಟ್. ವೈದ್ಯಕೀಯ ಪ್ರವೇಶ ಪರೀಕ್ಷೆಗೂ ಇದಕ್ಕೂ ಸಂಬಂಧವಿಲ್ಲ. ನಿದ್ದೆ, ಊಟ, ಬೇಕೆಂದೇ ಮಾಡುವ ವ್ಯಾಯಾಮ ಇವನ್ನು ಬಿಟ್ಟು ಉಳಿದ ಎಲ್ಲ ಅಲುಗಾಟದಲ್ಲಿ ದೇಹ ಸುಡುವ ಶಕ್ತಿ ಇದು. ಅಂಗಳ ಗುಡಿಸುವುದು, ಮೆಟ್ಟಿಲು ಹತ್ತುವುದು, ನಿಂತು ಮಾತಾಡುವುದು, ಕೂತಲ್ಲೇ ಕಾಲು ಆಡಿಸುವುದು ಕೂಡ ಇದರಲ್ಲೇ ಬಂತು. ಅಮೆರಿಕದ ಮೇಯೊ ಕ್ಲಿನಿಕ್ಕಿನ ಜೇಮ್ಸ್ ಲಿವೈನ್ ಮತ್ತು ಸಂಗಡಿಗರು 1999ರಲ್ಲಿ ಇದರ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಬೊಜ್ಜಿಲ್ಲದ 16 ಜನರಿಗೆ 8 ವಾರ, ದಿನಾ ಅವರಿಗೆ ಬೇಕಾದ್ದಕ್ಕಿಂತ 1,000 ಕ್ಯಾಲೊರಿ ಹೆಚ್ಚಿಗೆ ತಿನ್ನಿಸಿದರು. ಎಲ್ಲರೂ ಒಂದೇ ರೀತಿ ಕೊಬ್ಬಲಿಲ್ಲ. ಒಬ್ಬರ ಮೈಗೆ ಸೇರಿದ ಕೊಬ್ಬು ಅರ್ಧ ಕೆಜಿಗಿಂತ ಕಡಿಮೆ, ಇನ್ನೊಬ್ಬರಿಗೆ ನಾಲ್ಕು ಕೆಜಿ ದಾಟಿತು. ಕಡಿಮೆ ಕೊಬ್ಬಿದವರು ತಮಗೆ ಗೊತ್ತಿಲ್ಲದೆಯೇ ಹೆಚ್ಚು ಅಲುಗಾಡಿದ್ದರು. ಹೆಚ್ಚು ಕೊಬ್ಬಿದವರ ಅಲುಗಾಟ ಇದ್ದಷ್ಟೇ ಇತ್ತು, ಕೆಲವರದು ಇದ್ದುದಕ್ಕಿಂತ ಕಡಿಮೆಯಾಗಿತ್ತು. "ಅವನು ಎಷ್ಟು ತಿಂದರೂ ಮೈ ಹತ್ತಲ್ಲ" ಎಂದು ನಾವು ಹೇಳುವವರನ್ನು ಇನ್ನೊಮ್ಮೆ ಗಮನಿಸಿ ನೋಡಿ, ಅವರು ಒಂದು ಕಡೆ ಕೂತಿರುವುದೇ ಅಪರೂಪ.

ಗೊತ್ತಿಲ್ಲದೆ ಹೆಚ್ಚುವ ಅಲುಗಾಟ ಗೊತ್ತಿಲ್ಲದೆ ಕಡಿಮೆಯೂ ಆಗುತ್ತದೆ. ಜಿಮ್ಮಿಗೆ ಹೋಗುವವರು ಎಡವುವುದು ಇಲ್ಲೇ. ಭಾವಮೈದನಿಗೆ ನಾನು ಹೇಳಿದ್ದು ಒಂದೇ, "ಎರಡು ವಾರ ಏನೂ ಬದಲಾಯಿಸಬೇಡ. ಮೊಬೈಲನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಡದೆ ಜೇಬಿನಲ್ಲಿ ಇಟ್ಟುಕೋ. ರಾತ್ರಿ ಮಲಗುವ ಮುಂಚೆ ಹೆಜ್ಜೆ ಎಷ್ಟು, ಅವತ್ತು ಜಿಮ್ ಇತ್ತೋ ಇಲ್ಲವೋ, ಎರಡನ್ನೂ ಕ್ಯಾಲೆಂಡರಿನ ಮೇಲೆ ಬರಿ." ಹದಿನಾಲ್ಕು ದಿನದ ನಂತರ ಆ ಹಾಳೆ ನೋಡಿದಾಗ ಇಬ್ಬರಿಗೂ ಆಶ್ಚರ್ಯವಾಯಿತು. ಜಿಮ್ ಇಲ್ಲದ ದಿನಗಳ ಸರಾಸರಿ 3,900 ಹೆಜ್ಜೆ. ಜಿಮ್ ಇದ್ದ ದಿನ 3,100. ಬೆಳಿಗ್ಗೆ ಕಷ್ಟಪಟ್ಟಿದ್ದೇನೆ ಎಂದು ದೇಹವೂ ಮನಸ್ಸೂ ಉಳಿದ ಹೊತ್ತು ಕುರ್ಚಿ ಬಿಡಲು ಒಪ್ಪುತ್ತಿರಲಿಲ್ಲ. ಟೀ ತರಲು ಹುಡುಗನನ್ನು ಕಳಿಸುವುದು, ಗೋಡೌನಿಗೆ ಬೇರೆಯವರನ್ನು ಅಟ್ಟುವುದು, ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಅಡ್ಡಾಗುವುದು. ಜಿಮ್ಮಿನಲ್ಲಿ ಗಳಿಸಿದ್ದರಲ್ಲಿ ಒಂದು ಪಾಲನ್ನು ಅಂಗಡಿಯ ಕುರ್ಚಿಯಲ್ಲಿ ಕೂತು ಕಳೆಯುತ್ತಿದ್ದ.

ಊಟ ಕಡಿಮೆ ಮಾಡುವವರಿಗೂ ಇದೇ ಪಾಡು. ಒಂದೇ ಸಲ ಊಟ ಅರ್ಧಕ್ಕೆ ಇಳಿಸಿದರೆ ಮೈ ಸುಸ್ತಾಗಿ ಓಡಾಟ ತಾನಾಗಿ ಕುಗ್ಗುತ್ತದೆ. ತೂಕ ಇಳಿಯುವುದು ನಿಂತಾಗ ಹೆಚ್ಚಿನವರು ಇನ್ನೊಂದು ತುತ್ತು ಬಿಡುತ್ತಾರೆ. ನನ್ನ ಪ್ರಕಾರ ಅದಕ್ಕೂ ಮೊದಲು ಹೆಜ್ಜೆಗಳ ಪಟ್ಟಿ ತೆಗೆದು ನೋಡಬೇಕು. ಹೋದ ತಿಂಗಳು 8,000 ಇದ್ದದ್ದು ಈ ತಿಂಗಳು 6,000 ಆಗಿದ್ದರೆ ತೂಕ ಯಾಕೆ ನಿಂತಿದೆ ಎಂಬುದಕ್ಕೆ ಅಲ್ಲೇ ಉತ್ತರ ಇರುತ್ತದೆ, ತಟ್ಟೆಯಲ್ಲಿ ಹುಡುಕಬೇಕಿಲ್ಲ.

ಇನ್ನು 10,000 ಹೆಜ್ಜೆಯ ಮಾತು. ಅದು ಯಾವ ಪ್ರಯೋಗಾಲಯದಿಂದಲೂ ಬಂದದ್ದಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಎಣಿಸುವ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದಕ್ಕೆ ಇಟ್ಟ ಹೆಸರಿನ ಅರ್ಥವೇ 'ಹತ್ತು ಸಾವಿರ ಹೆಜ್ಜೆಯ ಮಾಪಕ'. ಆ ಸಂಖ್ಯೆ ಅಲ್ಲಿಂದ ಜಗತ್ತಿಗೆಲ್ಲ ಹಬ್ಬಿತು. 2022ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವರದಿ ಬಂತು. ಅದರ ಪ್ರಕಾರ, ಹೆಜ್ಜೆ ಹೆಚ್ಚಿದಂತೆ ಸಾವಿನ ಅಪಾಯ ಇಳಿಯುವುದು 60 ದಾಟಿದವರಲ್ಲಿ 6,000ದಿಂದ 8,000ದ ಸುಮಾರಿಗೆ, ಅದಕ್ಕಿಂತ ಚಿಕ್ಕವರಲ್ಲಿ 8,000ದಿಂದ 10,000ದ ಸುಮಾರಿಗೆ ಸಮತಟ್ಟಾಗುತ್ತದೆ. ಅದು ಆರೋಗ್ಯದ ಲೆಕ್ಕ. ಕ್ಯಾಲೊರಿ ಲೆಕ್ಕಕ್ಕೆ ಹೀಗೊಂದು ಗೆರೆ ಇಲ್ಲ, ಪ್ರತಿ ಸಾವಿರ ಹೆಜ್ಜೆಗೂ ಅದರದೇ ಬೆಲೆ ಇದೆ. ಹಾಗಾಗಿ 3,500 ಇರುವವರು ಮೊದಲ ದಿನವೇ 10,000ಕ್ಕೆ ಹಾರುವ ಅಗತ್ಯವಿಲ್ಲ. ಎರಡು ವಾರಕ್ಕೊಮ್ಮೆ ಒಂದೊಂದು ಸಾವಿರ ಏರಿಸುತ್ತಾ ಹೋದರೆ ಹಿಮ್ಮಡಿ, ಮಂಡಿ ನೋವಾಗದೆ ಉಳಿಯುತ್ತದೆ.

ಭಾವಮೈದ 3,500ರಿಂದ 8,500ಕ್ಕೆ ಬಂದದ್ದು ಹಾಗೆಯೇ. ಚುರುಕು ನಡಿಗೆಯಲ್ಲಿ ನಿಮಿಷಕ್ಕೆ ಸುಮಾರು 100 ಹೆಜ್ಜೆ ಆಗುತ್ತದೆ, 5,000ಕ್ಕೆ 50 ನಿಮಿಷ. ಅಂಗಡಿಯವನಿಗೆ 50 ನಿಮಿಷ ಒಟ್ಟಿಗೆ ಎಲ್ಲಿ ಸಿಗುತ್ತದೆ? ಒಡೆದು ಹಂಚಿಕೊಂಡ. ಬೈಕನ್ನು ಅಂಗಡಿಯ ಮುಂದೆ ತಂದು ನಿಲ್ಲಿಸುವ ಬದಲು ದೂರದಲ್ಲೇ ನಿಲ್ಲಿಸಿ ಬರಲು, ಹೋಗಲು ಏಳೇಳು ನಿಮಿಷ. ಮಧ್ಯಾಹ್ನ ಊಟವಾದ ಮೇಲೆ ಅಡ್ಡಾಗುವ ಬದಲು ಗೋಡೌನಿನ ಒಳಗೇ ನೆರಳಲ್ಲಿ 10 ನಿಮಿಷ, ರಾತ್ರಿ ಊಟದ ನಂತರ ಊರೊಳಗೆ 15. ಊಟದ ನಂತರದ ನಡಿಗೆಗೆ ಇನ್ನೊಂದು ಲಾಭವಿದೆ. ಉಂಡ ಮೇಲೆ ರಕ್ತದಲ್ಲಿ ಏರುವ ಸಕ್ಕರೆಯನ್ನು ಅದು ತಗ್ಗಿಸುತ್ತದೆ, ಸಕ್ಕರೆ ಕಾಯಿಲೆಯ ಮನೆತನದವರಿಗೆ ಇದು ದೊಡ್ಡ ಮಾತು. ಉಳಿದ ಹನ್ನೊಂದು ನಿಮಿಷ ಫೋನಿನಲ್ಲೇ ಬಂತು, ಡೀಲರುಗಳ ಕರೆ ಬಂದಾಗ ಎದ್ದು ಓಡಾಡುತ್ತಾ ಮಾತಾಡುವುದನ್ನು ರೂಢಿ ಮಾಡಿಕೊಂಡ.

ಕಾಗದದ ಮೇಲೆ ವಾರಕ್ಕೆ 950 ಕ್ಯಾಲೊರಿಯಂತೆ ನಾಲ್ಕು ತಿಂಗಳಿಗೆ ಹೆಚ್ಚುಕಮ್ಮಿ 2 ಕೆಜಿ ಕೊಬ್ಬು ಹೋಗಬೇಕಿತ್ತು. ಹೋದದ್ದು 1.3 ಕೆಜಿ. ಇದು ಸೋಲಲ್ಲ, ದೇಹದ ಸ್ವಭಾವ. 2021ರಲ್ಲಿ ಸಾವಿರದ ಏಳುನೂರಕ್ಕೂ ಹೆಚ್ಚು ಜನರ ಶಕ್ತಿವ್ಯಯದ ಅಳತೆಗಳನ್ನು ಕಲೆಹಾಕಿ ನೋಡಿದ ವಿಜ್ಞಾನಿಗಳು ಕಂಡುಕೊಂಡದ್ದು, ಚಟುವಟಿಕೆಯಲ್ಲಿ ಖರ್ಚು ಮಾಡಿದ ಪ್ರತಿ 100 ಕ್ಯಾಲೊರಿಯಲ್ಲಿ ಸರಾಸರಿ 28ರಷ್ಟನ್ನು ದೇಹ ಒಳಗಿನ ಬೇರೆ ಖರ್ಚು ಕಡಿತಗೊಳಿಸಿ ಉಳಿಸಿಕೊಳ್ಳುತ್ತದೆ ಎಂದು. ಮೈಯಲ್ಲಿ ಕೊಬ್ಬು ಹೆಚ್ಚಿದ್ದವರಲ್ಲಿ ಈ ಉಳಿತಾಯ ಇನ್ನೂ ಹೆಚ್ಚು. ಹಾಗಾಗಿ 136 ಎಂದು ಬರೆದುಕೊಂಡದ್ದನ್ನು ಮನಸ್ಸಿನಲ್ಲಿ 100 ಎಂದೇ ಎಣಿಸುವುದು ಒಳ್ಳೆಯದು. ಹೀಗೆ ಎಣಿಸಿದವರು ಎರಡನೇ ತಿಂಗಳಿಗೆ ಬೇಸರಪಟ್ಟು ಬಿಡುವುದಿಲ್ಲ. ಜೊತೆಗೆ, ದಿನಕ್ಕೆ ಆರು ಲೋಟ ಟೀ ಕುಡಿಯುತ್ತಿದ್ದವನು ಮೂರರಲ್ಲಿ ಸಕ್ಕರೆ ಬಿಟ್ಟ. ಆಮೇಲಿನ ತಿಂಗಳುಗಳಲ್ಲಿ ತೂಕ ಇಳಿದದ್ದು ಎರಡೂ ಸೇರಿ.

ಮೊಬೈಲಿನ ಲೆಕ್ಕವನ್ನು ಕಣ್ಣುಮುಚ್ಚಿ ನಂಬಬೇಡಿ. ಹಳ್ಳದ ರಸ್ತೆಯಲ್ಲಿ ಬೈಕ್ ಓಡಿಸಿದರೆ ಕುಲುಕಾಟವನ್ನೇ ಅದು ಕೆಲವೊಮ್ಮೆ ಹೆಜ್ಜೆ ಎಂದು ಎಣಿಸುತ್ತದೆ. ಕೈಗಡಿಯಾರ ಕಟ್ಟಿಕೊಂಡು ತಳ್ಳುಗಾಡಿ ತಳ್ಳಿದರೆ ಕೈ ಆಡದ ಕಾರಣ ನಡೆದದ್ದೂ ಲೆಕ್ಕಕ್ಕೆ ಬರುವುದಿಲ್ಲ. ಪರೀಕ್ಷೆ ಸುಲಭ. ಬಾಯಲ್ಲಿ ಎಣಿಸುತ್ತಾ ನೂರು ಹೆಜ್ಜೆ ನಡೆದು ಯಂತ್ರ ಎಷ್ಟು ತೋರಿಸುತ್ತದೆ ನೋಡಿ, ಆಮೇಲೆ ಬೈಕಿನಲ್ಲಿ ಒಂದು ಸುತ್ತು ಹೋಗಿ ಬಂದು ಮತ್ತೆ ನೋಡಿ. ಹೆಜ್ಜೆಯ ಎಣಿಕೆ ಸ್ವಲ್ಪ ಆಚೀಚೆ ಆದರೂ ದಿನದಿಂದ ದಿನಕ್ಕೆ ಹೋಲಿಸಲು ಸಾಕು. ಆದರೆ ಅದರ ಪಕ್ಕದಲ್ಲೇ ತೋರಿಸುವ ಕ್ಯಾಲೊರಿ ಸಂಖ್ಯೆಯನ್ನು ಪಕ್ಕಕ್ಕಿಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಕೈಗೆ ಕಟ್ಟುವ ಏಳು ಯಂತ್ರಗಳನ್ನು ಪರೀಕ್ಷಿಸಿದಾಗ ಕ್ಯಾಲೊರಿ ವಿಷಯದಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದ ಯಂತ್ರವೂ ಸುಮಾರು ಕಾಲು ಭಾಗ ತಪ್ಪಿತ್ತು. ಆ ಸಂಖ್ಯೆ ನೋಡಿಕೊಂಡು ಇನ್ನೊಂದು ಮುದ್ದೆ ಉಂಡವರು ಮೋಸ ಹೋಗುತ್ತಾರೆ.

ಹೆಜ್ಜೆಗೆ ಸಿಗದ ದುಡಿಮೆಯೂ ಇದೆ. ಇದನ್ನು ಹೇಳದಿದ್ದರೆ ನಮ್ಮ ಹೆಣ್ಣುಮಕ್ಕಳಿಗೆ ಅನ್ಯಾಯ ಮಾಡಿದಂತೆ. ಭಾವಮೈದನ ಹೆಂಡತಿಯ ಮೊಬೈಲು ದಿನಕ್ಕೆ 1,200 ಹೆಜ್ಜೆ ತೋರಿಸುತ್ತಿತ್ತು, ಏಕೆಂದರೆ ಅದು ಇಡೀ ದಿನ ಅಡುಗೆಮನೆಯ ಗೂಡಿನಲ್ಲಿ ಇರುತ್ತಿತ್ತು. ಒಂದು ಭಾನುವಾರ ಅದನ್ನು ಪುಟ್ಟ ಚೀಲದಲ್ಲಿ ಹಾಕಿ ಸೊಂಟಕ್ಕೆ ಕಟ್ಟಿಕೊಳ್ಳಲು ಹೇಳಿದೆವು. ರಾತ್ರಿ ನೋಡಿದರೆ 8,700. ಕೊಟ್ಟಿಗೆ, ಹಿತ್ತಿಲು, ತಾರಸಿ, ಒಲೆ ಇಷ್ಟರ ನಡುವೆಯೇ ಅಷ್ಟು. ಅದರ ಮೇಲೆ ಬಟ್ಟೆ ಒಗೆದದ್ದು, ಹುಲ್ಲಿನ ಹೊರೆ ಹೊತ್ತದ್ದು ಯಾವ ಲೆಕ್ಕಕ್ಕೂ ಬಂದಿರಲಿಲ್ಲ. ನಾಟಿ ಹಾಕುವ ಹೆಣ್ಣಾಳು ಇಡೀ ದಿನ ಕೆಸರಿನಲ್ಲಿ ಬಗ್ಗಿ ದುಡಿದರೂ ಯಂತ್ರದ ಕಣ್ಣಿಗೆ ಅವಳು ಸುಮ್ಮನೆ ನಿಂತವಳು. ಇಂಥವರಿಗೆ ಇನ್ನೂ ಐದು ಸಾವಿರ ಹೆಜ್ಜೆ ನಡೆಯಿರಿ ಎನ್ನುವುದು ತಪ್ಪು ಸಲಹೆ. ಅವರಿಗೆ ಬೇಕಿರುವುದು ಹೊಟ್ಟೆ ತುಂಬ ಕಾಳು, ಹಾಲು, ಮೊಟ್ಟೆ, ವಾರಕ್ಕೆರಡು ದಿನ ಬೆನ್ನು, ತೊಡೆಗೆ ಬಲ ಕೊಡುವ ವ್ಯಾಯಾಮ, ಮತ್ತೆ ಕೂರಲು ಒಂದಿಷ್ಟು ಹೊತ್ತು. ಒಂದು ಮನೆಯಲ್ಲಿ ಗಂಡನಿಗೆ ಹೆಜ್ಜೆ ಬೇಕು, ಹೆಂಡತಿಗೆ ಡಂಬಲ್ ಬೇಕು. ನಮ್ಮ ಊರುಗಳಲ್ಲಿ ಜಿಮ್ಮಿನ ಬಾಗಿಲು ಹೆಣ್ಣುಮಕ್ಕಳಿಗೆ ಇನ್ನೂ ಅಷ್ಟು ಸಲೀಸಾಗಿ ತೆರೆದಿಲ್ಲ ಎಂಬುದು ನನ್ನನ್ನು ನಿಜವಾಗಿಯೂ ಕಾಡುವ ಸಂಗತಿ.

ಒಂದೇ ದಿನದ ದೊಡ್ಡ ನಡಿಗೆಯಿಂದ ವರ್ಷದ ಕೊರತೆ ತುಂಬುವುದಿಲ್ಲ. ಭಾನುವಾರ ಆದಿಚುಂಚನಗಿರಿಯ ಬೆಟ್ಟ ಹತ್ತುವವರಿದ್ದಾರೆ. ಮೆಟ್ಟಿಲು ಹತ್ತುವ ಒಂದು ಹೆಜ್ಜೆಗೆ ಸಮನೆಲದ ಹೆಜ್ಜೆಗಿಂತ ಎಷ್ಟೋ ಹೆಚ್ಚು ಶಕ್ತಿ ಬೇಕು, ತೊಡೆಗೂ ಎದೆಗೂ ಅದು ಒಳ್ಳೆಯದು. ಆದರೆ ವಾರಕ್ಕೊಮ್ಮೆ ಹತ್ತಿ ಆರು ದಿನ ಕೂತರೆ ಲೆಕ್ಕ ಮತ್ತೆ ಅಲ್ಲಿಗೇ ಬರುತ್ತದೆ. ಶಿವರಾತ್ರಿಯ ಹೊತ್ತಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ನಡೆದು ಹೋಗುವ ಭಕ್ತರು ಬೆಳ್ಳೂರು ಕ್ರಾಸಿನ ಮೇಲೇ ಹಾದುಹೋಗುತ್ತಾರೆ, ಭಾವಮೈದನ ಅಂಗಡಿಯ ಮುಂದೆ ಅವರಿಗೆ ಮಜ್ಜಿಗೆ ಇರುತ್ತದೆ. ಅವರು ನಡೆಯುವುದು ಸ್ವಾಮಿಗಾಗಿ, ತೂಕಕ್ಕಾಗಿ ಅಲ್ಲ. ಆದರೂ ಸುಮ್ಮನೆ ಲೆಕ್ಕ ಹಾಕಿದರೆ ಆ ದಾರಿ ಸುಮಾರು 300 ಕಿಲೋಮೀಟರ್. ದಿನಕ್ಕೆ ಮೂರೂವರೆ ಕಿಲೋಮೀಟರ್ ಹೆಚ್ಚಿಗೆ ನಡೆಯುವ ಅಂಗಡಿಯವನು ವರ್ಷಕ್ಕೆ ನಡೆಯುವುದು 1,270 ಕಿಲೋಮೀಟರ್ ದಾಟುತ್ತದೆ. ನಾಲ್ಕು ಸಲ ಧರ್ಮಸ್ಥಳಕ್ಕೆ ನಡೆದಷ್ಟು.

ಹಾಗಾದರೆ ಜಿಮ್ ಬಿಟ್ಟುಬಿಡಬಹುದೇ ಎಂದು ಅವನೇ ಕೇಳಿದ. ಖಂಡಿತ ಬೇಡ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಅದನ್ನು ತಡೆದು ನಿಲ್ಲಿಸುವುದು ಭಾರ ಎತ್ತುವ ವ್ಯಾಯಾಮ. ನಡಿಗೆ ಭುಜಕ್ಕೆ, ಬೆನ್ನಿಗೆ, ಮೂಳೆಗೆ ಅಷ್ಟು ಕೆಲಸ ಕೊಡುವುದಿಲ್ಲ. ಕ್ಯಾಲೊರಿ ಸುಡಲು ಜಿಮ್ಮಿಗೆ ಹೋಗುವುದೇ ತಪ್ಪು ಕಾರಣ. ಬಲಕ್ಕೆ ಜಿಮ್, ಖರ್ಚಿಗೆ ಓಡಾಟ, ಹೀಗೆ ಕೆಲಸ ಹಂಚಿದರೆ ಎರಡೂ ತಮ್ಮ ತಮ್ಮ ಕೆಲಸ ಮಾಡುತ್ತವೆ. ಟ್ರೆಡ್‌ಮಿಲ್ ಮೇಲೆ ಕಳೆಯುತ್ತಿದ್ದ ಇಪ್ಪತ್ತು ನಿಮಿಷವನ್ನು ಅವನು ಈಗ ಸ್ಕ್ವಾಟಿಗೆ, ಡೆಡ್‌ಲಿಫ್ಟಿಗೆ ಕೊಟ್ಟಿದ್ದಾನೆ. ಮಂಡಿ ಸವೆದವರು, ಹೃದಯದ ತೊಂದರೆ ಇರುವವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಮಾತ್ರ ಹೆಜ್ಜೆ ಏರಿಸುವ ಮುನ್ನ ವೈದ್ಯರನ್ನು ಕೇಳಿ.

ಕ್ಯಾಲೆಂಡರ್ ಈಗಲೂ ಅವನ ಅಂಗಡಿಯ ಗೋಡೆಯ ಮೇಲಿದೆ. ಕಳೆದ ವಾರ ನೋಡಿದೆ. ಜಿಮ್ ಇದ್ದ ದಿನಗಳ ಸರಾಸರಿ 8,300, ಇಲ್ಲದ ದಿನಗಳದ್ದು 8,600. ನೀವು ಜಿಮ್ಮಿಗೆ ಹೋಗುವವರಾದರೆ ನಾಳೆಯಿಂದ ಎರಡು ವಾರ ಹೀಗೆ ಬರೆದಿಡಿ, ಊಟವನ್ನಾಗಲಿ ವ್ಯಾಯಾಮವನ್ನಾಗಲಿ ಆಮೇಲೆ ಬದಲಾಯಿಸಿದರಾಯಿತು.